ಕ್ರೆಡಿಟ್ ಎಂಬ ತೂಕ

ತಾಳವಾಡಿ ಸೀಮೆಯ ಶಾಲೆಗಳಿಂದ ಬಂದವರಿಗೆ ಹನ್ನೆರಡನೆಯ ತರಗತಿಯಲ್ಲಿ ಎಲ್ಲ ವಿಷಯಗಳಿಗೂ ತಲಾ 100 ಅಂಕ. ಎಲ್ಲವನ್ನೂ ಕೂಡಿ ಭಾಗಿಸಿದರೆ ಸರಾಸರಿ ದೊರೆಯುತ್ತಿತ್ತು. ಪದವಿಯಲ್ಲಿ ಪತ್ರಿಕೆಗಳ ತೂಕ ಸಮನಲ್ಲ. ಆ ತೂಕವೇ ಕ್ರೆಡಿಟ್. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ನಡೆದರೆ ಅದು ಸಾಮಾನ್ಯವಾಗಿ 1 ಕ್ರೆಡಿಟ್ ಎನಿಸುತ್ತದೆ.

ಯುಜಿಸಿ ಮಾದರಿಯಲ್ಲಿ ಪ್ರತಿ ಶ್ರೇಣಿಗೂ ಒಂದು ಶ್ರೇಣಿ ಅಂಕವುಂಟು: 'ಓ' 10, 'ಎ ಪ್ಲಸ್' 9, 'ಎ' 8, ಹೀಗೆ ಇಳಿಯುತ್ತ ಅನುತ್ತೀರ್ಣಕ್ಕೆ 0. ಹಳಗನ್ನಡ ಪತ್ರಿಕೆ 4 ಕ್ರೆಡಿಟ್‌ನದು, ಅದರಲ್ಲಿ 6 ಬಂದಿದೆ. ಪರಿಸರ ಅಧ್ಯಯನ 2 ಕ್ರೆಡಿಟ್‌ನದು, ಅದರಲ್ಲಿ 9 ಬಂದಿದೆ ಎನ್ನೋಣ. ಸರಾಸರಿ 7.5 ಅಲ್ಲ. ಶ್ರೇಣಿ ಅಂಕವನ್ನು ಕ್ರೆಡಿಟ್‌ನಿಂದ ಗುಣಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು:

(4×6 + 2×9) ÷ 6 = 7

ಸೆಮಿಸ್ಟರ್‌ಗಳನ್ನು ಸೇರಿಸುವಾಗಲೂ ಇದೇ ಕ್ರಮ. ಮೊದಲನೆಯದರಲ್ಲಿ 20 ಕ್ರೆಡಿಟ್‌ಗೆ ಸರಾಸರಿ 8, ಎರಡನೆಯದರಲ್ಲಿ 24 ಕ್ರೆಡಿಟ್‌ಗೆ 7 ಬಂದಿದ್ದರೆ, ಸಂಚಿತ ಸರಾಸರಿಯೂ 7.5 ಆಗದು:

(20×8 + 24×7) ÷ 44 = 7.45

ಹೆಚ್ಚು ಕ್ರೆಡಿಟ್‌ನ ಸೆಮಿಸ್ಟರ್ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆದ್ದರಿಂದ ಓದಿನ ವೇಳೆಯನ್ನು ಹಂಚುವ ಮುನ್ನ ಪಠ್ಯಕ್ರಮದ ಕ್ರೆಡಿಟ್ ಅಂಕಣವನ್ನು ನೋಡಿ. ಹಳಗನ್ನಡದಲ್ಲಿ ಶ್ರೇಣಿ ಅಂಕ ಒಂದು ಏರಿದರೆ ಮೊತ್ತಕ್ಕೆ 4 ಕೂಡುತ್ತದೆ. ಪರಿಸರ ಅಧ್ಯಯನದಲ್ಲಿ ಏರಿದರೆ 2 ಮಾತ್ರ.