ತೊಣ್ಣೂರು ನೂರಲ್ಲ, ತಿಂಗಳ್ ತಿಂಗಳಲ್ಲ: ಸಂತೆಗೂ ಭೇಟಿಯ ವೇಳೆಗೂ ಬೇಕಾಗುವ ತಮಿಳು ಎಣಿಕೆ

ಹೊಸೂರು ಸಮೀಪದ ಅವಲಪಲ್ಲಿಯಂತಹ ಊರುಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ತಮಿಳಿನ ಎಣಿಕೆ ಅಪರಿಚಿತವಲ್ಲ. ನಾಲು, ಆರು, ಎಟ್ಟು, ಪತ್ತು ಎಂಬ ಪದಗಳು ನಮ್ಮ ನಾಲ್ಕು, ಆರು, ಎಂಟು, ಹತ್ತುಗಳಿಗೆ ಅತಿ ಸಮೀಪದಲ್ಲಿವೆ. ತೊಡಕು ಹುಟ್ಟುವುದು ಈ ಸಾಮೀಪ್ಯದಿಂದಲೇ. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ತಮಿಳು ಪಾಠವು ಶಾಲೆಯೊಳಗೆ ಬಂದಿದೆಯಾದರೂ ಪಠ್ಯಪುಸ್ತಕವು ಬರೆಹದ ರೂಪವನ್ನು ಕಲಿಸುತ್ತದೆ. ಅಂಗಡಿಯವನು ಆಡುಮಾತಿನಲ್ಲಿ ಬೆಲೆ ಹೇಳುತ್ತಾನೆ. ಫಲಕದ ಮೇಲಿನ ಅಂಕಿಗಳನ್ನು ಮಗು ತಾನೇ ಓದಿಕೊಳ್ಳುತ್ತದೆ. ಆದುದರಿಂದ ತರಬೇತಿ ಬೇಕಾದುದು ಕಣ್ಣಿಗಲ್ಲ, ಕಿವಿಗೆ.

ಮೊದಲು ಒಂಬತ್ತರ ಸಾಲನ್ನು ನೋಡೋಣ. ಕನ್ನಡದಲ್ಲಿ ಒಂಬತ್ತು, ತೊಂಬತ್ತು, ಒಂಬೈನೂರು ಎನ್ನುತ್ತೇವೆ. ತಮಿಳಿನಲ್ಲಿ 9 ಒಂಬದು, 90 ತೊಣ್ಣೂರು, 900 ತೊಳ್ಳಾಯಿರಂ. ತೊಂಬತ್ತನ್ನು ಹೇಳುವ ಪದದ ಬಾಲದಲ್ಲಿ ‘ನೂರು’ ಕೇಳಿಸುತ್ತದೆ. ಒಂಬೈನೂರನ್ನು ಹೇಳುವ ಪದದ ಬಾಲದಲ್ಲಿ ‘ಆಯಿರಂ’, ಅಂದರೆ ಸಾವಿರ. ಪದದ ಕೊನೆಯನ್ನು ಮಾತ್ರ ಹಿಡಿದ ಮಗು 90ನ್ನು 100 ಎಂದು ಬರೆಯುವುದು ಸಹಜ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ಇಲ್ಲಿ ನೆರವು ಸಿಗದು, ಏಕೆಂದರೆ ತೆಲುಗಿನ ತೊಂಭೈ ನಮ್ಮ ತೊಂಬತ್ತಿನ ಕಡೆಗೇ ನಿಲ್ಲುತ್ತದೆ. ಇದರ ಜೊತೆಗೆ 800 ಎಂಬುದು ಎಣ್ಣೂರು. ತೊಣ್ಣೂರಿಗೂ ಅದಕ್ಕೂ ಕಿವಿಯಲ್ಲಿ ಇರುವ ಅಂತರ ಪದದ ಮೊದಲ ಅಕ್ಷರ ಮಾತ್ರ.

ಎರಡನೆಯ ಗುಂಪು ಇನ್ನೂ ಸೂಕ್ಷ್ಮವಾದುದು. ಪುಸ್ತಕದಲ್ಲಿ ಐಂಬದು, ಎಣ್ಬದು ಎಂದಿರುವ ರೂಪಗಳು ಮಾತಿನಲ್ಲಿ ಸಾಮಾನ್ಯವಾಗಿ ಅಂಬದು, ಎಂಬದು ಎಂದು ಕೇಳಿಸುತ್ತವೆ. ಆಗ 9, 50, 80 ಈ ಮೂರೂ ಒಂಬದು, ಅಂಬದು, ಎಂಬದು ಎಂದಾಗಿ, ಮೊದಲ ಸ್ವರವೊಂದೇ ಭೇದವಾಗಿ ಉಳಿಯುತ್ತದೆ. ಕನ್ನಡದ ಐವತ್ತು ಇವುಗಳಿಂದ ದೂರವಿರುವುದರಿಂದ ನಮ್ಮ ಮಕ್ಕಳ ಕಿವಿಗೆ ಈ ಎಚ್ಚರ ರೂಢಿಯಾಗಿರುವುದಿಲ್ಲ.

ಅಭ್ಯಾಸವನ್ನು ಹೀಗೆ ಮಾಡಿಸಬಹುದು. ಐದನೆಯ ತರಗತಿಯಲ್ಲಿ ದಿನಕ್ಕೆ ಹತ್ತು ನಿಮಿಷ, ಶಿಕ್ಷಕರು ತಮಿಳಿನಲ್ಲಿ ಹತ್ತು ಸಂಖ್ಯೆಗಳನ್ನು ಹೇಳಬೇಕು; ಮಕ್ಕಳು ಮಾತಾಡದೆ ಅಂಕಿಯಲ್ಲಿ ಬರೆಯಬೇಕು. ಒಂದರಿಂದ ಕ್ರಮವಾಗಿ ಹೇಳಿಸುವ ಪದ್ಧತಿ ಇಲ್ಲಿ ಪ್ರಯೋಜನಕ್ಕೆ ಬಾರದು. ಸಂತೆಯಲ್ಲಿ ಯಾರೂ ಕ್ರಮವಾಗಿ ಬೆಲೆ ಹೇಳುವುದಿಲ್ಲ. ಸಂಖ್ಯೆಯನ್ನು ಎರಡನೆಯ ಬಾರಿ ಹೇಳಬಾರದು. ಬಳಿಕ ತಪ್ಪುಗಳನ್ನು ಎಣಿಸುವುದಕ್ಕಿಂತ ಅವುಗಳ ಬಗೆಯನ್ನು ನೋಡುವುದು ಮುಖ್ಯ. 90ರ ಬದಲು 100 ಬರೆದ ಮಗು ಪದದ ಬಾಲವನ್ನು ಹಿಡಿದಿದೆ. 50ರ ಬದಲು 9 ಬರೆದ ಮಗು ಸ್ವರವನ್ನು ಬಿಟ್ಟಿದೆ. ಉತ್ತರ ಸರಿಯಾಗಿದ್ದೂ ತಡವಾದರೆ ಮಗು ಕನ್ನಡಕ್ಕೆ ತಿರುಗಿಸಿಕೊಂಡು ಬರೆಯುತ್ತಿದೆ ಎಂದು ತಿಳಿಯಬಹುದು.

ಒಂದು ಉದಾಹರಣೆ. ಹೊಸೂರಿನ ಉಳವರ್ ಸಂದೈಯಲ್ಲಿ ಟೊಮೆಟೊ ಕಿಲೋಗೆ 45 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಕಿಲೋ ತೂಗಿದ ರೈತ ‘ತೊಣ್ಣೂರು’ ಎನ್ನುತ್ತಾನೆ. ನೂರೆಂದು ಕೇಳಿಸಿಕೊಂಡ ಮಗು ನೂರರ ನೋಟು ಕೊಟ್ಟು ಚಿಲ್ಲರೆಗೆ ಕಾಯದೆ ಹೊರಡುತ್ತದೆ. ಜೊತೆಗೆ ಐದು ರೂಪಾಯಿಯ ಕೊತ್ತಂಬರಿ ಸೇರಿದರೆ ‘ತೊಣ್ಣೂತ್ತಿ ಅಂಜು’, 95. ‘ನೂತ್ತಿ ಅಂಜು’ ಎಂದರೆ 105. ಇಲ್ಲಿ ಒಂದು ಗುರುತು ನೆರವಾಗುತ್ತದೆ: ತೊಣ್ಣೂತ್ತಿಯ ಮುಂದೆ ಒಂದರಿಂದ ಒಂಬತ್ತರವರೆಗಿನ ಪದಗಳಷ್ಟೇ ಬರುತ್ತವೆ. ಮುಂದೆ ಪತ್ತು, ಇರುಬದು ಅಥವಾ ಅಂಬದು ಕೇಳಿಸಿದರೆ ಮೊತ್ತ ನೂರನ್ನು ದಾಟಿದೆ. ತರಗತಿಯಲ್ಲಿ ಇದೇ ವ್ಯಾಪಾರವನ್ನು ಆಡಿಸುವಾಗ ಮಗು ಹಣ ಕೊಡುವ ಮುನ್ನ ಮೊತ್ತವನ್ನು ಬರೆದು ತೋರಿಸಲಿ.

ಗಡಿಯಾರದ ವೇಳೆ ಸುಲಭ. ಒಂಬದೇ ಕಾಲ್, ಒಂಬದರೈ, ಒಂಬದೇ ಮುಕ್ಕಾಲ್ ಎಂಬಲ್ಲಿ ಕಾಲು, ಅರೆ, ಮುಕ್ಕಾಲುಗಳು ನಮ್ಮವೇ. ಗಂಟೆಗೆ ಮಣಿ ಎನ್ನುತ್ತಾರೆ. ಎರಡೂ ಬಾರಿಸುವ ಗಂಟೆಯ ಹೆಸರೇ ಎಂಬುದನ್ನು ಮಕ್ಕಳು ಬೇಗ ನೆನಪಿಟ್ಟುಕೊಳ್ಳುತ್ತಾರೆ. ‘ರೆಂಡು ಮಣಿಕ್ಕು’ ಎಂದರೆ ಎರಡು ಗಂಟೆಗೆ. ‘ರೆಂಡು ಮಣಿ ನೇರಂ’ ಎಂದರೆ ಎರಡು ಗಂಟೆಗಳ ಹೊತ್ತು. ‘ನೇರಂ’ ಕೇಳಿಸಿತೇ ಇಲ್ಲವೇ ಎಂಬುದನ್ನು ಮಾತ್ರ ಪರೀಕ್ಷಿಸಿದರೆ ಸಾಕು.

ದಿನಾಂಕದಲ್ಲಿ ಸಂಖ್ಯೆಗಿಂತ ವಾರದ ಹೆಸರೇ ಹೆಚ್ಚು ತೊಂದರೆ ಕೊಡುತ್ತದೆ. ತಮಿಳಿನಲ್ಲಿ ಸೋಮವಾರಕ್ಕೆ ತಿಂಗಳ್ ಕಿಳಮೈ ಎಂದು ಹೆಸರು. ಮಾತಿನಲ್ಲಿ ಬರೀ ‘ತಿಂಗಳ್’ ಎನ್ನುವುದೂ ಉಂಟು. ಆಸ್ಪತ್ರೆಯಲ್ಲಿ ‘ಅಡುತ್ತ ತಿಂಗಳ್ ವಾಂಗ’ ಎಂದರೆ ಮುಂದಿನ ಸೋಮವಾರ ಬನ್ನಿ ಎಂದರ್ಥ. ಕನ್ನಡದ ಕಿವಿಗೆ ಅದು ಮುಂದಿನ ತಿಂಗಳು. ಅಜ್ಜಿಯೊಡನೆ ಹೋದ ಮಗು ಹಾಗೆ ತಿಳಿಸಿದರೆ ಔಷಧಿ ಮುಗಿದು ಮೂರು ವಾರ ಕಳೆದಿರುತ್ತದೆ. ಭೇಟಿಯ ದಿನವನ್ನು ಹೇಳಿದಾಗಲೆಲ್ಲ ‘ಎತ್ತನಾಂ ತೇದಿ?’ (ಎಷ್ಟನೆಯ ತಾರೀಖು?) ಎಂದು ಮರುಪ್ರಶ್ನೆ ಹಾಕಿ, ಬಂದ ಉತ್ತರವನ್ನು ಚೀಟಿಯ ಮೇಲೆ ಅಂಕಿಯಲ್ಲಿ ಬರೆದುಕೊಳ್ಳುವುದನ್ನು ತರಗತಿಯಲ್ಲೇ ರೂಢಿ ಮಾಡಿಸಬೇಕು. ಇದಕ್ಕೆ ಗೋಡೆಯ ಕ್ಯಾಲೆಂಡರೇ ಸಾಕಾದ ಉಪಕರಣ: ಶಿಕ್ಷಕರು ‘ಪತ್ತೊಂಬದಾಂ ತೇದಿ, ತಿಂಗಳ್’ ಎಂದಾಗ ಆ ತಿಂಗಳ 19 ಸೋಮವಾರವೇ ಅಲ್ಲವೇ ಎಂದು ಮಗು ನೋಡಿ ಹೇಳಲಿ. ನಡುನಡುವೆ ಬೇಕೆಂದೇ ಹೊಂದದ ವಾರವನ್ನು ಹೇಳಿ, ಯಾರು ತಡೆಯುತ್ತಾರೆಂದು ಗಮನಿಸಬಹುದು.