ಕೊರಳಿನ ಲೇಬಲ್ ಬಿಡು, ಪಕ್ಕದ ಚೀಟಿ ಓದು

ತಮ್ಮಾ, ಹೊಸ ಅಂಗಡಿಗೆ ಮಾಲು ತರಲು ಗುಜರಾತಿಗೆ ಹೊರಟಿದ್ದೀಯ. ಸೂರತ್‌ನ ರಿಂಗ್ ರೋಡ್, ಅಹಮದಾಬಾದಿನ ರತನ್‌ಪೋಳ್, ವಡೋದರಾದ ಮಂಗಲ್ ಬಜಾರ್ ಎಲ್ಲ ಸುತ್ತು. ಒಳ್ಳೆಯ ಮಾಲು ಬೇಕಾದಷ್ಟು ಸಿಗುತ್ತದೆ. ಆದರೆ ಯಾರಾದರೂ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂದು ದೊಡ್ಡ ಬ್ರ್ಯಾಂಡಿನ ಶರ್ಟು ಕೈಗಿಟ್ಟರೆ ಕೊರಳಿನ ಲೇಬಲ್ ನೋಡಿ ಮರುಳಾಗಬೇಡ. ನಕಲಿ ಮಾಡುವವನು ಕಾಸು ಸುರಿಯುವುದೇ ಅಲ್ಲಿಗೆ. ಶರ್ಟನ್ನು ಒಳಮಗ್ಗುಲಾಗಿ ತಿರುಗಿಸಿ, ಪಕ್ಕದ ಹೊಲಿಗೆಯಲ್ಲಿರುವ ವಾಶ್‌ಕೇರ್ ಚೀಟಿ ಹುಡುಕು.

ಲೇಬಲ್ ಬರುವುದು ಬಟ್ಟೆಯ ಜೊತೆಗಲ್ಲ, ಬೇರೆಯಾಗಿ, ಸುರುಳಿಯಲ್ಲಿ. ಸೂರತ್‌ನಲ್ಲಿ ಕಂಪ್ಯೂಟರ್ ಮಗ್ಗದ ಮೇಲೆ ಲೇಬಲ್ ನೇಯುವ ಘಟಕಗಳಿವೆ. ಮರ್ಯಾದೆಯ ಕಸುಬು ಅದು. ಅಸಲಿ ಕಂಪನಿ ಒಂದೊಂದು ಬಗೆಯ ಬಟ್ಟೆಗೂ ಬೇರೆ ಚೀಟಿ ಮಾಡಿಸುತ್ತದೆ. ನಕಲಿಯವನು ಒಂದು ಶರ್ಟಿನ ಚೀಟಿ ನೋಡಿ ಸಾವಿರಗಟ್ಟಲೆ ಅಚ್ಚು ಹಾಕಿಸಿ, ಬಂದ ಬಟ್ಟೆಗೆಲ್ಲ ಅದನ್ನೇ ಹೊಲಿಸುತ್ತಾನೆ. ಅಲ್ಲೇ ಸಿಕ್ಕಿಬೀಳುವುದು.

ಒಂದು ಶರ್ಟು ಎತ್ತಿಕೊಂಡೆ ಎಂದಿಟ್ಟುಕೋ. ಚೀಟಿಯ ಮೇಲಿನ ಸಾಲಿನಲ್ಲಿ 60% ಕಾಟನ್, 40% ಪಾಲಿಯೆಸ್ಟರ್ ಎಂದಿದೆ. ಕೆಳಗೆ ಜರ್ಮನ್, ಫ್ರೆಂಚ್ ಸಾಲುಗಳಿವೆ. ಆ ಭಾಷೆ ಬಾರದಿದ್ದರೂ ಅಂಕಿ ಓದಲು ಬರುತ್ತದಲ್ಲ? ಅಲ್ಲಿ 65, 35 ಎಂದಿದ್ದರೆ, ಅಥವಾ ಕೂಡಿದಾಗ ನೂರು ಬಾರದಿದ್ದರೆ, ಶರ್ಟು ಕೆಳಗಿಡು. ಆದರೆ ಫ್ರೆಂಚ್ ಸಾಲಿನಲ್ಲಿ ಕಾಟನ್‌ಗೆ ಒಂದೇ ‘ಟಿ’ ಇದೆಯೆಂದು ಜಗಳಕ್ಕೆ ನಿಲ್ಲಬೇಡ, ಅವರು ಬರೆಯುವುದೇ ಹಾಗೆ. ಇಂಗ್ಲಿಷ್ ಸಾಲಿನಲ್ಲಿ ಹಾಗಿದ್ದರೆ ಮಾತ್ರ ಅದು ತಪ್ಪು.

ಆಮೇಲೆ ಚಿತ್ರಗಳನ್ನು ನೋಡು. ಇಸ್ತ್ರಿಪೆಟ್ಟಿಗೆಯೊಳಗೆ ಮೂರು ಚುಕ್ಕೆ ಇದ್ದರೆ ಸುಮಾರು 200 ಡಿಗ್ರಿ ಶಾಖ. ಹತ್ತಿಗೆ, ಲಿನನ್‌ಗೆ ಸರಿ. ಪಾಲಿಯೆಸ್ಟರ್ ಎಂದು ಬರೆದ ಚೀಟಿಯಲ್ಲೂ ಮೂರು ಚುಕ್ಕೆ ಕಂಡರೆ ಬರೆದವನಿಗೆ ಬಟ್ಟೆಯ ಗಂಧಗಾಳಿ ಇಲ್ಲ ಎಂದರ್ಥ. ಆ ಶಾಖಕ್ಕೆ ಪಾಲಿಯೆಸ್ಟರ್ ಮಿರುಗಿ ಮುದುಡುತ್ತದೆ. ಅದೇ ರೀತಿ, ‘ಡ್ರೈಕ್ಲೀನ್ ಮಾತ್ರ’ ಎಂದು ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ 40 ಎಂಬ ಅಂಕಿಯಿರುವ ನೀರಿನ ತೊಟ್ಟಿ ಬಿಡಿಸಿರುತ್ತಾರೆ. ಆ ತೊಟ್ಟಿ ಹೇಳುವುದು ನೀರಿನಲ್ಲಿ ಒಗೆಯಬಹುದು ಎಂದು. ಎರಡೂ ಹೇಗೆ ನಿಜವಾದೀತು?

ಇನ್ನು ಹೊಲಿಗೆ. ಕಾರ್ಖಾನೆಯಲ್ಲಿ ಪಕ್ಕ ಕೂಡಿಸುವಾಗಲೇ ಚೀಟಿಯ ತುದಿಯನ್ನು ನಡುವೆ ಇಟ್ಟು ಓವರ್‌ಲಾಕ್ ಓಡಿಸುತ್ತಾರೆ; ಚೀಟಿಯ ಅಂಚು ಹೊಲಿಗೆಯೊಳಗೇ ಅಡಗಿರುತ್ತದೆ. ಆಮೇಲೆ ಅಂಟಿಸಿದ ಚೀಟಿಯಾದರೆ ಓವರ್‌ಲಾಕಿನ ಮೇಲೆ ಒಂಟಿ ಹೊಲಿಗೆ ಕಾಣುತ್ತದೆ, ಬಹಳ ಸಲ ಬೇರೆ ಬಣ್ಣದ ದಾರದಲ್ಲಿ. ಉಗುರಿನಿಂದ ಚೀಟಿ ಸರಿಸಿ ನೋಡು. ಹಳೆಯ ಸೂಜಿತೂತುಗಳ ಸಾಲು ಕಂಡರೆ ಮೊದಲಿದ್ದ ಚೀಟಿ ಕಿತ್ತು ಇದನ್ನು ಹಾಕಿದ್ದಾರೆ. ಆದರೆ ಎಳೆಯೊಂದು ಜೋತುಬಿದ್ದಿದೆ ಎಂದ ಮಾತ್ರಕ್ಕೆ ನಕಲಿ ಎನ್ನಬೇಡ, ಅಸಲಿ ಮಾಲಿನಲ್ಲೂ ಅದು ಉಂಟು. ನಿಜವಾದ ಸರ್‌ಪ್ಲಸ್‌ನಲ್ಲಿ ಬ್ರ್ಯಾಂಡ್ ಲೇಬಲನ್ನು ಕತ್ತರಿಸಿಯೇ ಬಿಡುವುದು ಎಷ್ಟೋ ಸಲ ಇದೆ. ಹಾಗಾಗಿ ಅಗ್ಗದ ಸರ್‌ಪ್ಲಸ್‌ನಲ್ಲಿ ಎಲ್ಲ ಲೇಬಲ್ ಹೊಳೆಹೊಳೆಯುತ್ತಿದ್ದರೆ ನನಗಂತೂ ಅನುಮಾನ ಜಾಸ್ತಿ.

ಚೀಟಿ ಸರಿಯಿದ್ದೂ ಬಟ್ಟೆ ಸುಳ್ಳಾಗಿರಬಹುದು. ಒಳಹೊಲಿಗೆಯಿಂದ ಎರಡೆಳೆ ಕಿತ್ತು, ಅಂಗಡಿಯ ಹೊರಗೆ ಬಂದು ಸುಟ್ಟು ನೋಡು. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಆದರೆ ಮಿಶ್ರ ನೂಲಿನಲ್ಲಿ ಎಷ್ಟು ಪಾಲು ಯಾವುದು ಎಂದು ಬೆಂಕಿ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.

ಸೀರೆಯಲ್ಲಿ ‘ಆರ್ಟ್ ಸಿಲ್ಕ್’ ಎಂದಿದ್ದರೆ ಅದು ಮೋಸವಲ್ಲ, ಕೃತಕ ನೂಲು ಎಂದು ಒಪ್ಪಿಕೊಂಡಂತೆ. ಮೇಲೆ ‘ಪ್ಯೂರ್ ಸಿಲ್ಕ್’ ಎಂಬ ದೊಡ್ಡ ಅಕ್ಷರ, ಸೆರಗಿನ ಮೂಲೆಯಲ್ಲಿ ಸಣ್ಣದಾಗಿ ಆರ್ಟ್ ಸಿಲ್ಕ್ ಎಂದಿದ್ದರೆ ಅದು ಮೋಸ. ಅಸಲಿ ರೇಷ್ಮೆ ಬೇಕಿದ್ದರೆ ಸಿಲ್ಕ್ ಮಾರ್ಕ್ ಕೇಳು. ನಮ್ಮ ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಬಂದ ಗುರುತು ಅದು. ಅದರ ಹಾಲೋಗ್ರಾಮ್ ನೋಡು, ಪ್ರತಿ ಚೀಟಿಯ ಸಂಖ್ಯೆಯೂ ಬೇರೆಬೇರೆಯೇ ಎಂದು ನೋಡು. ಹತ್ತು ಸೀರೆಗೂ ಒಂದೇ ಸಂಖ್ಯೆಯಿದ್ದರೆ ಅಲ್ಲಿಂದ ಎದ್ದು ಬಾ.

ಬಿಲ್ಲಿಲ್ಲದೆ ಒಂದು ತುಂಡೂ ತರಬೇಡ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ನಕಲಿ ಮಾಡಿದವನಿಗಷ್ಟೇ ಅಲ್ಲ, ಮಾರಿದವನಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲಿದೆ. ತಿಳಿಯದೆ ತಂದೆ ಎನ್ನುವವನು, ತಾನು ಎಚ್ಚರ ವಹಿಸಿದ್ದನ್ನೂ ಮಾಲು ಕೊಟ್ಟವರು ಯಾರೆಂಬುದನ್ನೂ ತೋರಿಸಬೇಕಾಗುತ್ತದೆ. ಅದಕ್ಕೆ ಕೈಯಲ್ಲಿರಬೇಕಾದದ್ದು ಆ ಬಿಲ್ಲು.