10 ರೂಪಾಯಿಯ ಯೂನಿಟ್ ಅಗ್ಗವೇ?

ಹೆಬಳೆಯ ಓದುಗರೇ, ಹೊಸ ಮ್ಯೂಚುವಲ್ ಫಂಡಿನ ಯೂನಿಟ್ 10 ರೂಪಾಯಿ, ಹಳೆಯದರದು 500. ಹೊಸದೇ ಅಗ್ಗವಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಫಂಡಿನ ನಿವ್ವಳ ಆಸ್ತಿಯನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತವೇ ಎನ್‌ಎವಿ, ಅಂದರೆ ಯೂನಿಟ್ ಬೆಲೆ.

ನಿಮ್ಮ 10,000 ರೂಪಾಯಿಗೆ ಹೊಸದರಲ್ಲಿ 1,000 ಯೂನಿಟ್ ಸಿಕ್ಕರೆ, ಹಳೆಯದರಲ್ಲಿ 20 ಸಿಗುತ್ತವೆ. ಎರಡೂ ಫಂಡುಗಳಲ್ಲಿರುವುದು ಒಂದೇ ಷೇರುಗಳು, ಅವು ಶೇ 10ರಷ್ಟು ಏರಿದವು ಎಂದಿಟ್ಟುಕೊಳ್ಳಿ. ಬೆಲೆ 11 ಮತ್ತು 550 ಆಗುತ್ತದೆ. ಎರಡು ಕಡೆಯೂ ನಿಮ್ಮ ಹಣ 11,000 ರೂಪಾಯಿಯೇ.

ನಿಜವಾದ ದುಬಾರಿತನ ಇರುವುದು ವಾರ್ಷಿಕ ವೆಚ್ಚದಲ್ಲಿ. ಒಂದೇ ಫಂಡಿನ ಡೈರೆಕ್ಟ್ ಪ್ಲಾನ್‌ನಲ್ಲಿ ಏಜೆಂಟರ ಕಮಿಷನ್ ಇಲ್ಲದ್ದರಿಂದ, ಗ್ರೋತ್ ಆಯ್ಕೆಯಲ್ಲಿ ಅದರ ಎನ್‌ಎವಿ ರೆಗ್ಯುಲರ್‌ಗಿಂತ ಹೆಚ್ಚಿರುತ್ತದೆ. ಅಲ್ಲಿ ಬೆಲೆ ಹೆಚ್ಚಿರುವುದೇ ಅಗ್ಗದ್ದು. ಹಣ ಹಾಕುವ ಮೊದಲು ಎನ್‌ಎವಿ ಬಿಟ್ಟು ವೆಚ್ಚದ ಅನುಪಾತವನ್ನು ಹೋಲಿಸಿ ನೋಡಿ.